ಆರ್ಥಿಕ ಮುಗ್ಗಟ್ಟು ಮತ್ತು ಫ್ಯಾಸಿಸಮ್ಮಿನ ಉದಯ: ಒಂದು ಪರೀಕ್ಷಾ ಪ್ರಶ್ನೆಯ ವಿಚಾರ

‘ಪ್ರಥಮ ಮಹಾಯುದ್ಧಾನಂತರದ ಯೂರೋಪಿನಲ್ಲಿ ಫ್ಯಾಸಿಸಮ್ಮಿನ ಉದಯಕ್ಕೆ ಆರ್ಥಿಕ ಮುಗ್ಗಟ್ಟು ಎಷ್ಟರ ಮಟ್ಟಿಗೆ ಕಾರಣವಾಯಿತು? ವಿಮರ್ಶಿಸಿ.’ ಆಧುನಿಕ ಯೂರೋಪಿನ ಇತಿಹಾಸವನ್ನು ಬೋಧಿಸುವವರಿಗೂ ಓದುವವರಿಗೂ ಈ ಪ್ರಶ್ನೆ ಹೊಸದಲ್ಲ. ಮಾತು ಅಷ್ಟಿಷ್ಟು ಬದಲಾಗಬಹುದು, ಪ್ರಶ್ನೆ ಅದೇ. ಅದಕ್ಕೆ ಬರುವ ಉತ್ತರವೂ ಬಹುಮಟ್ಟಿಗೆ ಒಂದೇ ಎರಕದ್ದು. ವರ್ಸೇಲ್ಸ್ ಒಪ್ಪಂದದಿಂದ ಜರ್ಮನಿಗೆ ಅವಮಾನವಾಯಿತು, ಹಣದ ಬೆಲೆ ಬಿದ್ದುಹೋಯಿತು, ಜನರು ನಿರುದ್ಯೋಗಿಗಳಾದರು, ಹಸಿದ ಜನರು ಹಿಟ್ಲರನ ಭಾಷಣಕ್ಕೆ ಮರುಳಾಗಿ ಅವನನ್ನು ಆರಿಸಿದರು. ಇಟಲಿಯಲ್ಲಿಯೂ ಹೀಗೆಯೇ ನಡೆಯಿತು. ಈ ಉತ್ತರದಲ್ಲಿ ಪೂರ್ಣವಾಗಿ ಸುಳ್ಳೆನ್ನುವ ವಾಕ್ಯಗಳು ಕಡಮೆ. ಆದರೆ ವಾಕ್ಯಗಳ ನಡುವಣ ಸಂಬಂಧ ತಪ್ಪಿದೆ, ಕಾಲಕ್ರಮ ಕೆಟ್ಟಿದೆ. ‘ಎಷ್ಟರ ಮಟ್ಟಿಗೆ’ ಎಂದು ಕೇಳಿದ್ದಕ್ಕೆ ಉತ್ತರ ದೊರೆಯುವುದೇ ಇಲ್ಲ. ಈ ಎಡವಟ್ಟು ಎಲ್ಲೆಲ್ಲಿ ಆಗುತ್ತದೆಂಬುದನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲು ಎತ್ತಬೇಕಾದ ಮಾತು, ಪ್ರಶ್ನೆಯಲ್ಲಿರುವ ‘ಮುಗ್ಗಟ್ಟು’ ಯಾವುದು ಎಂಬುದು. ವಿದ್ಯಾರ್ಥಿಗಳ ಮನಸ್ಸಿನಲ್ಲಿರುವುದು 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದ ಮೇಲೆ ಜಗತ್ತನ್ನೆಲ್ಲ ಆವರಿಸಿದ ಮಹಾಮುಗ್ಗಟ್ಟು. ಮುಸೋಲಿನಿಯಾದರೋ ಅದಕ್ಕೆ ಏಳು ವರ್ಷಗಳ ಮುನ್ನವೇ, 1922ರ ಅಕ್ಟೋಬರಿನ ಕೊನೆಯಲ್ಲಿ, ಇಟಲಿಯ ಪ್ರಧಾನಮಂತ್ರಿಯಾಗಿದ್ದನು. ಕಾರಣವು ಕಾರ್ಯಕ್ಕಿಂತ ಮುಂಚೆ ಇರಬೇಕೆಂಬುದನ್ನು ಒಪ್ಪಿದಲ್ಲಿ, ಇಟಲಿಯ ಫ್ಯಾಸಿಸಮ್ಮಿಗೆ 1929ರ ಮುಗ್ಗಟ್ಟನ್ನು ಹೊಣೆ ಮಾಡಲಾಗದು. ಇಟಲಿಗೆ ಸಂಬಂಧಪಟ್ಟುದು ಯುದ್ಧ ಮುಗಿದ ಮೇಲಿನ ಸಂಕಟ. ಸೈನ್ಯದಿಂದ ಬಿಡುಗಡೆಯಾದವರಿಗೆ ಕೆಲಸವಿರಲಿಲ್ಲ, ಪದಾರ್ಥಗಳ ಬೆಲೆ ಏರಿತ್ತು. ಯುದ್ಧಕಾಲದಲ್ಲಿ ಹಿಗ್ಗಿದ ದೊಡ್ಡ ಉದ್ಯಮಗಳು 1921ರಲ್ಲಿ ಕುಗ್ಗಿದವು. ಆ ವರ್ಷದ ಡಿಸೆಂಬರಿನಲ್ಲಿ ಬಾಂಕಾ ಇಟಾಲಿಯಾನಾ ದಿ ಸ್ಕೋಂತೊ ಎಂಬ ದೊಡ್ಡ ಬ್ಯಾಂಕು ಬಾಗಿಲು ಮುಚ್ಚಿತು.

ಅಲ್ಲಿಯೂ ಸಂಕಟದಿಂದ ಫ್ಯಾಸಿಸಮ್ಮಿಗೆ ನೇರವಾದ ದಾರಿ ಇರಲಿಲ್ಲ. 1919ರ ಮಾರ್ಚಿಯಲ್ಲಿ ಮಿಲಾನಿನಲ್ಲಿ ಮುಸೋಲಿನಿ ತನ್ನ ಸಂಘವನ್ನು ಸ್ಥಾಪಿಸಿದನು. ಅದೇ ನವೆಂಬರಿನ ಚುನಾವಣೆಯಲ್ಲಿ ಅದಕ್ಕೆ ಒಂದು ಸ್ಥಾನವೂ ದಕ್ಕಲಿಲ್ಲ. ಜನರ ಬವಣೆಯೇ ಅದಕ್ಕೆ ಬಲವಾಗಿದ್ದರೆ ಆಗಲೇ ಬಲ ಬರಬೇಕಾಗಿತ್ತು. ಬಲ ಬಂದುದು 1920ರ ಶರತ್ಕಾಲದ ನಂತರ, ಪೋ ನದಿಯ ಬಯಲಿನಲ್ಲಿ. ಅಲ್ಲಿಯ ಕೂಲಿಗಾರರ ಸಂಘಗಳು ಕೂಲಿಯ ದರವನ್ನೂ ಎಷ್ಟು ಆಳನ್ನು ಇಟ್ಟುಕೊಳ್ಳಬೇಕೆಂಬುದನ್ನೂ ಜಮೀನುದಾರರಿಗೆ ವಿಧಿಸುವಷ್ಟು ಪ್ರಬಲವಾಗಿದ್ದವು. ಅವುಗಳನ್ನು ಮುರಿಯಲು ಜಮೀನುದಾರರು ಕಪ್ಪಂಗಿಯ ದಂಡುಗಳಿಗೆ ಹಣವನ್ನೂ ವಾಹನಗಳನ್ನೂ ಒದಗಿಸಿದರು. ದಂಡುಗಳು ಸಂಘದ ಕಚೇರಿಗಳನ್ನು ಸುಟ್ಟಾಗ ಪೋಲೀಸಿನವರು ಬಹುಪಾಲು ಕಣ್ಣು ಮುಚ್ಚಿಕೊಂಡರು. ಹಿರಿಯ ಮುತ್ಸದ್ದಿ ಜೋಲಿತ್ತಿ 1921ರ ಮೇ ಚುನಾವಣೆಯಲ್ಲಿ ಫ್ಯಾಸಿಸ್ಟರನ್ನು ತನ್ನ ಕೂಟದೊಳಕ್ಕೆ ಸೇರಿಸಿಕೊಂಡುದರಿಂದ ಅವರಿಗೆ 35 ಸ್ಥಾನಗಳು ಬಂದವು. ಮರುವರ್ಷ ಅಕ್ಟೋಬರ್ 28ರಂದು, ರೋಮಿನ ಮೇಲೆ ದಂಡುಗಳು ಬರುತ್ತಿರಲು, ಪ್ರಧಾನಿ ಫಾಕ್ತಾ ಸಿದ್ಧಪಡಿಸಿದ್ದ ಸೈನಿಕ ಶಾಸನದ ಆಜ್ಞೆಗೆ ದೊರೆ ವಿಕ್ಟರ್ ಇಮ್ಯಾನ್ಯುಯೆಲ್ ಸಹಿ ಹಾಕಲಿಲ್ಲ. ಮುಸೋಲಿನಿ ದಂಡಿನ ಮುಂದೆ ನಡೆದು ಬರಲಿಲ್ಲ. ದೊರೆಯ ಕರೆ ಬಂದ ಮೇಲೆ ಮಿಲಾನಿನಿಂದ ರೈಲಿನಲ್ಲಿ ಬಂದನು. ‘ರೋಮಿನ ದಂಡಯಾತ್ರೆ’ ಎಂದು ಬರೆದು ಮುಂದೆ ಸಾಗುವ ವಿದ್ಯಾರ್ಥಿ ಈ ರೈಲನ್ನು ಮರೆಯಬಾರದು.

ಜರ್ಮನಿಯ ವಿಷಯದಲ್ಲಿ ಕಾಲಕ್ರಮದ ಗೊಂದಲ ಇನ್ನೂ ಹೆಚ್ಚು. ಬಂಡಿಯಲ್ಲಿ ನೋಟು ತುಂಬಿಕೊಂಡು ಹೋಗಿ ರೊಟ್ಟಿ ತಂದ ಕಥೆಯನ್ನು ಹೇಳಿ, ಅದರ ಮುಂದಿನ ವಾಕ್ಯದಲ್ಲಿಯೇ ಹಿಟ್ಲರನನ್ನು ಅಧಿಕಾರಕ್ಕೇರಿಸುವುದು ಉತ್ತರಪತ್ರಿಕೆಗಳಲ್ಲಿ ಸಾಮಾನ್ಯ. ಆ ಕಥೆ 1923ರದು. ಆ ವರ್ಷದ ನವೆಂಬರಿನಲ್ಲಿ ಒಂದು ಡಾಲರಿಗೆ 4 ಲಕ್ಷ 20 ಸಾವಿರ ಕೋಟಿ ಮಾರ್ಕುಗಳಾಗಿದ್ದವು. ಅದೇ ನವೆಂಬರಿನಲ್ಲಿ ಮ್ಯೂನಿಕ್ಕಿನಲ್ಲಿ ಹಿಟ್ಲರನು ಹೂಡಿದ ದಂಗೆ ಎರಡು ದಿನಗಳಲ್ಲಿ ಅಡಗಿಹೋಯಿತು. 1928ರ ಮೇ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಬಂದುದು ನೂರಕ್ಕೆ 2.6 ಮತಗಳು, 12 ಸ್ಥಾನಗಳು. ಎಂದರೆ, ಹಣದ ಬೆಲೆ ಅಳಿದಾಗ ಅವನು ಸೋತನು. ಅವನು ಬೆಳೆದುದು 1930ರಿಂದ 1932ರವರೆಗೆ. ಆಗ ಜರ್ಮನಿಯಲ್ಲಿ ಪದಾರ್ಥಗಳ ಬೆಲೆ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಉತ್ತರಪತ್ರಿಕೆಯನ್ನು ತಿದ್ದುವವರಿಗೆ ಇದೊಂದು ಒರೆಗಲ್ಲು: ವಿದ್ಯಾರ್ಥಿ 1932ರಲ್ಲಿ ಬೆಲೆಗಳು ಗಗನಕ್ಕೇರಿದವೆಂದು ಬರೆದಿದ್ದರೆ, ಅವನು ಎರಡು ಬೇರೆ ಬೇರೆ ವಿಪತ್ತುಗಳನ್ನು ಒಂದಾಗಿ ಕಲಸಿದ್ದಾನೆ. 1923ರ ನೆನಪಿಗೆ ಸ್ಥಾನವಿಲ್ಲವೆಂದಲ್ಲ. ಉಳಿತಾಯ ಕಳೆದುಕೊಂಡ ಮಧ್ಯಮವರ್ಗದವರು ಗಣರಾಜ್ಯವನ್ನು ಮತ್ತೆ ನಂಬಲಿಲ್ಲ. ಮುಂದಿನ ಸರಕಾರಗಳು ಹಣವನ್ನು ಹೆಚ್ಚಾಗಿ ಹೊರಡಿಸಿ ಕೆಲಸ ಸೃಷ್ಟಿಸಲು ಹೆದರಿದವು. ನೆನಪು ಬೇರೆ, ಘಟನೆ ಬೇರೆ.

ಮುಗ್ಗಟ್ಟಿನಲ್ಲಿ ನೊಂದವರು ಯಾರು, ನಾಜಿ ಪಕ್ಷಕ್ಕೆ ಮತ ಕೊಟ್ಟವರು ಯಾರು ಎಂಬುದು ಇದಕ್ಕಿಂತ ಗಹನವಾದ ವಿಷಯ. ‘ನಿರುದ್ಯೋಗಿಗಳು ಹಿಟ್ಲರನನ್ನು ಬೆಂಬಲಿಸಿದರು’ ಎಂಬ ವಾಕ್ಯ ಪಠ್ಯಗಳಲ್ಲಿಯೂ ನುಸುಳಿದೆ. ನಿರುದ್ಯೋಗಿಗಳ ಸಂಖ್ಯೆ 1929ರ ಸೆಪ್ಟೆಂಬರಿನ ಸುಮಾರು 13 ಲಕ್ಷದಿಂದ 1932ರ ಆರಂಭಕ್ಕೆ 60 ಲಕ್ಷವನ್ನು ಮೀರಿತು. ನಾಜಿ ಮತಗಳೂ ಅದರೊಡನೆ ಏರಿದವು. ಆದರೆ ಜೊತೆಯಲ್ಲಿ ಏರಿದುದರಿಂದ ಇವರೇ ಅವರೆಂದು ಸಿದ್ಧವಾಗುವುದಿಲ್ಲ. ಚುನಾವಣೆಯ ಅಂಕೆಗಳನ್ನು ಜಿಲ್ಲೆ ಜಿಲ್ಲೆಗಳಾಗಿ ಬಿಡಿಸಿ ನೋಡಿದ ವಿದ್ವಾಂಸರು, ಕೈಗಾರಿಕಾ ನಗರಗಳ ನಿರುದ್ಯೋಗಿ ಕಾರ್ಮಿಕರು ಹೆಚ್ಚಾಗಿ ಕಮ್ಯೂನಿಸ್ಟರತ್ತ ಹೋದರೆಂದು ತೋರಿಸಿದ್ದಾರೆ. ಆ ಪಕ್ಷದ ಸ್ಥಾನಗಳು 1928ರ 54ರಿಂದ 1932ರ ನವೆಂಬರಿಗೆ 100 ಆದವು.

ನಾಜಿ ಪಕ್ಷದ ಬೇರುಗಳನ್ನು ನೋಡಬೇಕಾದರೆ ಡೆನ್ಮಾರ್ಕಿನ ಗಡಿಯಲ್ಲಿರುವ ಶ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತಕ್ಕೆ ಹೋಗಬೇಕು. ಅಲ್ಲಿ ದೊಡ್ಡ ಕಾರ್ಖಾನೆಗಳು ಕೆಲವೇ. ಉಳಿದುದು ಹಳ್ಳಿ, ಹೊಲ, ದನಕರು. ಜನರು ಬಹುತೇಕ ಪ್ರಾಟೆಸ್ಟೆಂಟರು. ಪಶ್ಚಿಮ ಕರಾವಳಿಯ ರೈತರು ವಸಂತದಲ್ಲಿ ಸಾಲ ತೆಗೆದು ಬಡಕಲು ದನಗಳನ್ನು ಕೊಂಡು, ಮೇಯಿಸಿ ಕೊಬ್ಬಿಸಿ, ಶರತ್ಕಾಲದಲ್ಲಿ ಮಾರುತ್ತಿದ್ದರು. ಕೊಳ್ಳುವಾಗಿನ ಬೆಲೆಗೂ ಮಾರುವಾಗಿನ ಬೆಲೆಗೂ ನಡುವಣ ಅಂತರವೇ ಅವರ ಜೀವನ. ಜಗತ್ತಿನ ಷೇರುಪೇಟೆ ಕುಸಿಯುವ ಮುನ್ನವೇ ಈ ಅಂತರ ಕರಗಿತು. ಬಡ್ಡಿ ಮತ್ತು ಕಂದಾಯಗಳು ಹಾಗೆಯೇ ನಿಂತವು, ಜಮೀನುಗಳು ಹರಾಜಿಗೆ ಬಂದವು. 1928ರ ಜನವರಿಯಲ್ಲಿ ಪ್ರಾಂತದ ಪಟ್ಟಣಗಳಲ್ಲೆಲ್ಲ ಲಕ್ಷಕ್ಕೂ ಮಿಕ್ಕ ಜನರು ಬೀದಿಗಿಳಿದರು. ಆದರೂ ಅದೇ ಮೇ ತಿಂಗಳಲ್ಲಿ ಅಲ್ಲಿಯ ನಾಜಿ ಮತ ನೂರಕ್ಕೆ 4 ಮಾತ್ರ. 1930ರ ಸೆಪ್ಟೆಂಬರಿನಲ್ಲಿ ಅದು 27 ಆಯಿತು. 1932ರ ಜುಲೈಯಲ್ಲಿ 51. ನಡುವೆ ನಡೆದುದೇನೆಂದರೆ, ರೈತರು ಹಿಂದೆ ನಂಬಿದ್ದ ಸಂಪ್ರದಾಯಸ್ಥ ಪಕ್ಷಗಳು ಅವರಿಗೆ ಏನನ್ನೂ ಮಾಡದೆ ಒಡೆದು ಚೂರಾದವು, ನಾಜಿಗಳು ಹಳ್ಳಿಯ ಸಂಘಗಳೊಳಗೆ ಸೇರಿಕೊಂಡರು. ಕೀಲ್ ವಿಶ್ವವಿದ್ಯಾನಿಲಯದಲ್ಲಿದ್ದ ಸಮಾಜಶಾಸ್ತ್ರಜ್ಞ ರುಡಾಲ್ಫ್ ಹೆಬರ್ಲೆ ಈ ಪ್ರಾಂತವನ್ನು ಊರೂರಾಗಿ ಅಭ್ಯಸಿಸಿ, ದೊಡ್ಡ ಜಹಗೀರುಗಳಿದ್ದ ಪೂರ್ವಭಾಗಕ್ಕಿಂತ ಸಣ್ಣ ಕುಟುಂಬದ ಹಿಡುವಳಿಗಳಿದ್ದ ಮರಳುನೆಲದ ನಡುಭಾಗದಲ್ಲಿ ನಾಜಿ ಮತ ಹೆಚ್ಚೆಂದು ಕಂಡುಕೊಂಡನು. ಕೆಲಸ ಕಳೆದುಕೊಂಡವನಿಗಿಂತಲೂ, ಇರುವ ತುಂಡು ನೆಲವನ್ನೋ ಅಂಗಡಿಯನ್ನೋ ಕಳೆದುಕೊಳ್ಳುವ ಭಯದಲ್ಲಿದ್ದವನು ಅಲ್ಲಿ ಆ ಪಕ್ಷಕ್ಕೆ ಒಲಿದನು. ಕ್ಯಾಥೊಲಿಕರು ಹೆಚ್ಚಾಗಿದ್ದ ಕೊಲೋನ್-ಆಖೆನ್ ಕ್ಷೇತ್ರದಲ್ಲಿ ಅದೇ ಜುಲೈಯಲ್ಲಿ ಐವರಲ್ಲಿ ಸುಮಾರು ಒಬ್ಬರು ಮಾತ್ರ ನಾಜಿಗಳಿಗೆ ಮತವಿತ್ತರು. ಮುಗ್ಗಟ್ಟು ಎರಡು ಕಡೆಯೂ ಇತ್ತು. ಅಲ್ಲಿ ಜನರ ಹಳೆಯ ಪಕ್ಷ ಉಳಿದಿತ್ತು.

ಮುಗ್ಗಟ್ಟು ಮತದಾರರ ಮೂಲಕ ಮಾತ್ರವಲ್ಲದೆ ರಾಜ್ಯಾಂಗದ ಮೂಲಕವೂ ಕೆಲಸ ಮಾಡಿತು. 1930ರ ಮಾರ್ಚಿಯಲ್ಲಿ ಹರ್ಮನ್ ಮ್ಯೂಲರನ ಸಂಯುಕ್ತ ಸರಕಾರ ಬಿದ್ದುದು ನಿರುದ್ಯೋಗ ವಿಮೆಯ ವಂತಿಗೆಯನ್ನು ಸ್ವಲ್ಪ ಏರಿಸಬೇಕೆ ಎಂಬ ವಿವಾದದಿಂದ. ಅದರ ಸ್ಥಾನಕ್ಕೆ ಬಂದ ಬ್ರ್ಯೂನಿಂಗನಿಗೆ ಬಹುಮತವಿರಲಿಲ್ಲ. ಆತನು ಅಧ್ಯಕ್ಷ ಹಿಂಡೆನ್‌ಬರ್ಗನ ತುರ್ತು ಆಜ್ಞೆಗಳ ಆಧಾರದಿಂದ, ರಾಜ್ಯಾಂಗದ 48ನೆಯ ವಿಧಿಯಂತೆ, ಸಂಬಳಗಳನ್ನು ಕಡಿದು ತೆರಿಗೆಗಳನ್ನು ಏರಿಸಿದನು. 1930ರಲ್ಲಿ ರೈಖ್‌ಸ್ಟಾಗ್ 98 ಶಾಸನಗಳನ್ನು ಮಾಡಿತ್ತು. 1931ರಲ್ಲಿ 34, 1932ರಲ್ಲಿ ಕೇವಲ 5. ಹಿಟ್ಲರನು ಬರುವ ಮುನ್ನವೇ ಪಾರ್ಲಿಮೆಂಟು ಬರಿದಾಗಿತ್ತೆಂಬುದಕ್ಕೆ ಈ ಮೂರು ಅಂಕೆಗಳು ಸಾಕು. ವಿದ್ಯಾರ್ಥಿಗಳ ಉತ್ತರದಲ್ಲಿ ಈ ಭಾಗವೇ ಇರುವುದಿಲ್ಲ. ಮಾರ್ಕು ಹಾಕಬೇಕಾದುದು ಇಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಉಳಿದುದು ‘ಜನರು ಹಿಟ್ಲರನನ್ನು ಆರಿಸಿದರು’ ಎಂಬ ಮಾತು. 1932ರ ಜುಲೈಯಲ್ಲಿ ಅವನ ಪಕ್ಷಕ್ಕೆ 230 ಸ್ಥಾನಗಳೂ ನೂರಕ್ಕೆ 37ರಷ್ಟು ಮತಗಳೂ ಬಂದವು. ಅದು ಅತ್ಯಂತ ದೊಡ್ಡ ಪಕ್ಷವೇನೋ ಹೌದು; ಬಹುಮತವಲ್ಲ. ನವೆಂಬರಿನಲ್ಲಿ ಮತ್ತೆ ಚುನಾವಣೆ ನಡೆಯಲು ಸುಮಾರು 20 ಲಕ್ಷ ಮತಗಳೂ 34 ಸ್ಥಾನಗಳೂ ಕಳೆದುಹೋದವು. ನಿರುದ್ಯೋಗ ಇನ್ನೂ ಘೋರವಾಗಿದ್ದಾಗಲೇ ಪಕ್ಷ ಇಳಿಯತೊಡಗಿತ್ತೆಂಬುದನ್ನು ಗಮನಿಸಬೇಕು. ಇಳಿಯುತ್ತಿದ್ದವನನ್ನು ಏರಿಸಿದವರು ಮತದಾರರಲ್ಲ. ಚಾನ್ಸೆಲರ್ ಪದವಿ ಕಳೆದುಕೊಂಡಿದ್ದ ಪಾಪೆನ್ 1933ರ ಜನವರಿ 4ರಂದು ಕೊಲೋನಿನಲ್ಲಿ ಬ್ಯಾಂಕರ್ ಶ್ರೋಡರನ ಮನೆಯಲ್ಲಿ ಹಿಟ್ಲರನನ್ನು ಕಂಡು ಮಾತಾಡಿದನು. ಮುದಿ ಅಧ್ಯಕ್ಷನನ್ನು ಒಪ್ಪಿಸಿದನು. ಜನವರಿ 30ರಂದು ಏರ್ಪಟ್ಟ ಮಂತ್ರಿಮಂಡಲದಲ್ಲಿ ನಾಜಿಗಳು ಹಿಟ್ಲರನನ್ನೂ ಕೂಡಿಸಿ ಮೂವರು. ಅವನನ್ನು ಕಟ್ಟಿಹಾಕಿದೆವೆಂದು ಉಳಿದವರು ಭಾವಿಸಿದರು. ಅದೇ ಮಾರ್ಚಿಯ ಚುನಾವಣೆಯಲ್ಲಿ, ಪೋಲೀಸು ಮತ್ತು ದಂಡುಗಳೆರಡೂ ಕೈಯಲ್ಲಿದ್ದಾಗಲೂ, ನಾಜಿಗಳಿಗೆ ನೂರಕ್ಕೆ 43.9 ಮತಗಳೇ ಬಂದವು.

ಹೋಲಿಕೆಗೆ ಬ್ರಿಟನ್ನನ್ನು ತೆಗೆದುಕೊಳ್ಳಬಹುದು. ಮುಗ್ಗಟ್ಟು ಅಲ್ಲಿಯೂ ಇತ್ತು. 1932ರಲ್ಲಿ ಮೋಸ್ಲಿ ಸ್ಥಾಪಿಸಿದ ಫ್ಯಾಸಿಸ್ಟ್ ಪಕ್ಷವೂ ಇತ್ತು. ಪಾರ್ಲಿಮೆಂಟಿನಲ್ಲಿ ಅದಕ್ಕೆ ಒಂದು ಸ್ಥಾನವೂ ಸಿಗಲಿಲ್ಲ.

ಇಷ್ಟನ್ನು ಒಪ್ಪುವುದಾದರೆ ಪ್ರಶ್ನೆಯನ್ನೇ ತಿದ್ದುವುದು ಲೇಸೆಂದು ನಮಗೆ ತೋರುತ್ತದೆ. ‘ಎಷ್ಟರ ಮಟ್ಟಿಗೆ’ ಎಂಬುದು ವಿದ್ಯಾರ್ಥಿಯನ್ನು ಕಾರಣಗಳ ಪಟ್ಟಿಗೆ ತಳ್ಳುತ್ತದೆ. ಅದಕ್ಕೆ ಬದಲು 1928, 1930, 1932ರ ಜುಲೈ ಮತ್ತು ನವೆಂಬರ್ ಚುನಾವಣೆಗಳಲ್ಲಿ ನಾಜಿ ಮತ್ತು ಕಮ್ಯೂನಿಸ್ಟ್ ಪಕ್ಷಗಳಿಗೆ ಬಂದ ಸ್ಥಾನಗಳನ್ನೂ ಆಯಾ ಕಾಲದ ನಿರುದ್ಯೋಗಿಗಳ ಸಂಖ್ಯೆಯನ್ನೂ ಪ್ರಶ್ನೆಪತ್ರಿಕೆಯಲ್ಲಿಯೇ ಕೊಟ್ಟು, ಹೀಗೆ ಕೇಳಬಹುದು: ‘ಸ್ಥಾನಗಳು ಏರುತ್ತಿದ್ದಾಗ ಅಧಿಕಾರಕ್ಕೆ ಬಾರದ ಹಿಟ್ಲರನು ಇಳಿಯತೊಡಗಿದ ಮೇಲೆ ಹೇಗೆ ಬಂದನು? ಈ ಅಂಕೆಗಳು ಯಾವುದನ್ನು ವಿವರಿಸುತ್ತವೆ, ಯಾವುದನ್ನು ವಿವರಿಸಲಾರವು?’ ಇಟಲಿಯ ಬಗ್ಗೆ ಬೇರೆಯೇ ಒಂದು ಪ್ರಶ್ನೆ ಇರಲಿ. ಅದರಲ್ಲಿ 1929ರ ಹೆಸರನ್ನು ಎತ್ತಬೇಕಾಗಿಲ್ಲ.