ಬರಹಗಾರರ ಕೋಣೆ ಮತ್ತು ಸರಣಿಯ ಬೈಬಲ್

ಹಲವು ಕೈಗಳು ಬರೆಯುವ ಧಾರಾವಾಹಿಯ ಕಥೆ ವರ್ಷಗಟ್ಟಲೆ ಹಳಿ ತಪ್ಪದಂತೆ ನೋಡಿಕೊಳ್ಳಲು ಅಮೆರಿಕದ ಟೆಲಿವಿಷನ್ ಎರಡು ಏರ್ಪಾಡುಗಳನ್ನು ರೂಢಿಸಿಕೊಂಡಿದೆ. ಒಂದು, ಬರಹಗಾರರೆಲ್ಲ ಒಟ್ಟಿಗೆ ಕೂತು ಕಥೆ ಕಟ್ಟುವ 'ರೈಟರ್ಸ್ ರೂಮ್', ಅಂದರೆ ಬರಹಗಾರರ ಕೋಣೆ. ಇನ್ನೊಂದು 'ಸೀರೀಸ್ ಬೈಬಲ್'. ಪಾತ್ರಗಳ ಹಿನ್ನೆಲೆ, ಕಥಾಲೋಕದ ನಿಯಮಗಳು, ಇದುವರೆಗೆ ನಡೆದ ಸಂಗತಿಗಳು, ಮುಂದೆ ಕಥೆ ಸಾಗಬೇಕಾದ ದಿಕ್ಕು ಇವೆಲ್ಲ ಇರುವ ಕೈಪಿಡಿಗೆ ಈ ಹೆಸರು. ಧರ್ಮಗ್ರಂಥಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಹೆಸರಿನಿಂದಾಗಿ ಒಂದು ತಪ್ಪು ಕಲ್ಪನೆ ಬೆಳೆದಿದೆ: ಮೊದಲೇ ಎಲ್ಲವನ್ನೂ ಬರೆದಿಟ್ಟಿರುತ್ತಾರೆ, ಉಳಿದವರು ಅದನ್ನು ನೋಡಿಕೊಂಡು ಬರೆಯುತ್ತಾರೆ ಎಂದು. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಬೈಬಲ್ ಕಾಯುವುದು ವಿವರಗಳನ್ನು. ಈ ಪಾತ್ರ ಈಗ ಹೀಗೇಕೆ ಮಾಡುತ್ತದೆ, ಹಿಂದೆ ಆಡಿದ ಮಾತಿನ ಋಣ ಎಲ್ಲಿ ತೀರಬೇಕು ಎಂಬುದನ್ನು ಕಾಯುವುದು ಕೋಣೆಯಲ್ಲಿ ಕೂತವರ ನೆನಪು.

ಈ ಪದ್ಧತಿಯ ಬೇರು ರೇಡಿಯೋದಲ್ಲಿದೆ. 1937ರಲ್ಲಿ 'ದಿ ಗೈಡಿಂಗ್ ಲೈಟ್' ಆರಂಭಿಸಿದ ಇರ್ನಾ ಫಿಲಿಪ್ಸ್ ಒಂದೇ ಕಾಲಕ್ಕೆ ಹಲವು ದೈನಂದಿನ ಧಾರಾವಾಹಿಗಳನ್ನು ನಡೆಸುತ್ತಿದ್ದರು. ಎಲ್ಲವನ್ನೂ ಒಬ್ಬರೇ ಬರೆದು ಮುಗಿಸುವುದು ಆಗದ ಮಾತಾದ್ದರಿಂದ ಕಥೆಯ ದೂರದ ಹಾದಿಯನ್ನು ತಮ್ಮ ಕೈಯಲ್ಲಿಟ್ಟುಕೊಂಡು, ಸಂಭಾಷಣೆಗೆ ಬೇರೆಯವರನ್ನು ನೇಮಿಸಿಕೊಂಡರು. ಮುಂದೆ ಸ್ವತಃ ಹೆಸರಾದ ಆಗ್ನೆಸ್ ನಿಕ್ಸನ್ ಅವರಲ್ಲಿ ಒಬ್ಬರು. ಮುಖ್ಯ ಬರಹಗಾರರು ತಿಂಗಳುಗಳ ಕಥೆಯನ್ನು ಗೊತ್ತು ಮಾಡುವುದು, ಇನ್ನೊಬ್ಬರು ಅದನ್ನು ದಿನದಿನದ ದೃಶ್ಯಗಳಾಗಿ ಒಡೆಯುವುದು, ಮತ್ತೊಬ್ಬರು ಮಾತು ಬರೆಯುವುದು ಎಂಬ ಶ್ರೇಣಿ ಹಗಲಿನ ಧಾರಾವಾಹಿಗಳಲ್ಲಿ ನೆಲೆಯೂರಿತು. ನಮ್ಮ ಧಾರಾವಾಹಿಗಳ ಟೈಟಲ್ ಕಾರ್ಡಿನಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ ಎಂದು ಮೂರು ಬೇರೆ ಬೇರೆ ಹೆಸರು ಕಂಡಾಗಲೂ ಇಂಥದೇ ಕೆಲಸದ ಹಂಚಿಕೆ ಕಾಣುತ್ತದೆ.

ಬೈಬಲ್ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದಕ್ಕೆ 'ಸ್ಟಾರ್ ಟ್ರೆಕ್' ಒಳ್ಳೆಯ ನಿದರ್ಶನ. 1966ರಲ್ಲಿ ಶುರುವಾದ ಆ ಸರಣಿಯ ಬಹುಪಾಲು ಕಂತುಗಳನ್ನು ಹೊರಗಿನ ಸ್ವತಂತ್ರ ಬರಹಗಾರರಿಂದ ಬರೆಸಲಾಗುತ್ತಿತ್ತು. ಇಂದಿನ ಅರ್ಥದ ಕೋಣೆ ಅಲ್ಲಿರಲಿಲ್ಲ. ಅದಕ್ಕಾಗಿಯೇ ಜೀನ್ ರಾಡನ್‌ಬೆರಿ ಒಂದು ಮಾರ್ಗದರ್ಶಿಯನ್ನು ಸಿದ್ಧಪಡಿಸಿ ಬಂದವರ ಕೈಗಿಡುತ್ತಿದ್ದರು. 1967ರ ಏಪ್ರಿಲ್‌ನ ಪರಿಷ್ಕೃತ ಪ್ರತಿ ಶುರುವಾಗುವುದು ವಿವರಣೆಯಿಂದಲ್ಲ, ಒಂದು ಪರೀಕ್ಷೆಯಿಂದ. ಆಕಾಶನೌಕೆ ಇನ್ನೇನು ನಾಶವಾಗಲಿದೆ, ಅಂಥ ಹೊತ್ತಿನಲ್ಲಿ ಕ್ಯಾಪ್ಟನ್ ತನ್ನ ಕೈಕೆಳಗಿನ ಯುವತಿಯನ್ನು ತಬ್ಬಿಕೊಳ್ಳುತ್ತಾನೆ; ಈ ದೃಶ್ಯದಲ್ಲಿ ತಪ್ಪೇನು? ವಿಜ್ಞಾನದ ತಪ್ಪು ಹುಡುಕಹೊರಟವರು ಪರೀಕ್ಷೆಯಲ್ಲಿ ಫೇಲು. ಇಂದಿನ ಯುದ್ಧನೌಕೆಯ ಕಪ್ತಾನ ಮಾಡದ ಕೆಲಸವನ್ನು ನಮ್ಮ ಕಪ್ತಾನನೂ ಮಾಡಬಾರದು ಎಂಬುದೇ ಉತ್ತರ. ಪಾತ್ರದ ಎತ್ತರ, ಕಣ್ಣಿನ ಬಣ್ಣದ ಪಟ್ಟಿಗಿಂತ ಇಂಥದೊಂದು ಅಳತೆಗೋಲು ಹೊಸಬರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅದೇ ಕೈಪಿಡಿಯಲ್ಲಿ ಇನ್ನೊಂದು ಜಾಣತನವಿದೆ. ಕಥೆ ಯಾವ ಶತಮಾನದ್ದು ಎಂದು ಹೇಳದೆ ತಪ್ಪಿಸಿಕೊಳ್ಳಲು 'ಸ್ಟಾರ್‌ಡೇಟ್' ಎಂಬ ಕಾಲಗಣನೆಯನ್ನು ಹುಟ್ಟುಹಾಕಿದ್ದರು. ಯಾವುದಾದರೂ ನಾಲ್ಕಂಕಿಯ ಸಂಖ್ಯೆ, ಅದರ ಮುಂದೊಂದು ದಶಾಂಶ ಇಟ್ಟುಕೊಳ್ಳಿ. ನಿಮ್ಮ ಕಂತಿನೊಳಗೆ ಅದು ಕ್ರಮವಾಗಿ ಏರಲಿ, ಬೇರೆಯವರ ಕಂತಿನ ಜತೆ ತಾಳೆಯಾಗುತ್ತದೋ ಇಲ್ಲವೋ ಎಂದು ತಲೆಕೆಡಿಸಿಕೊಳ್ಳಬೇಡಿ ಎಂಬುದು ಸೂಚನೆಯ ಸಾರ. ಅಂದರೆ ಒಬ್ಬರ ಬರಹ ಇನ್ನೊಬ್ಬರು ನೋಡದ ಕಡೆ ಹೊಂದಾಣಿಕೆ ಸಾಧ್ಯವಿಲ್ಲ ಎಂಬುದನ್ನು ಒಪ್ಪಿಕೊಂಡು, ಹೊಂದಾಣಿಕೆಯ ಅಗತ್ಯವೇ ಬೀಳದಂತೆ ಮಾಡಿದ್ದರು. ಬಗೆಹರಿಸಲಾಗದ್ದನ್ನು ಹೀಗೆ ಮಸುಕಾಗಿಡುವುದೂ ಬೈಬಲ್ ಬರೆಯುವ ಕಲೆಯ ಒಂದು ಭಾಗ.

ಮಸುಕಾಗಿಡದ ಕಡೆ ತಪ್ಪುಗಳು ನುಸುಳಿದವು. ಎರಡನೆಯ ಪೈಲಟ್ ಕಂತಿನಲ್ಲಿ ನಾಯಕನಿಗೆಂದು ಸೃಷ್ಟಿಯಾದ ಸಮಾಧಿಗಲ್ಲಿನ ಮೇಲೆ 'ಜೇಮ್ಸ್ ಆರ್. ಕರ್ಕ್' ಎಂದಿದೆ, ಆಮೇಲೆ ಆತ ಶಾಶ್ವತವಾಗಿ ಜೇಮ್ಸ್ ಟಿ. ಕರ್ಕ್. ಇಂಥದ್ದನ್ನು ಹಿಡಿಯಲು ಒಳ್ಳೆಯ ಗುಮಾಸ್ತರೊಬ್ಬರು ಸಾಕು. ಸ್ಪಾಕ್ ಎಂಬ ಪಾತ್ರದ ಹೆತ್ತವರ ವಿಷಯ ಬೇರೆ ಬಗೆಯದು. 'ದಿಸ್ ಸೈಡ್ ಆಫ್ ಪ್ಯಾರಡೈಸ್' ಕಂತಿನಲ್ಲಿ ತಾಯಿ ಶಿಕ್ಷಕಿ, ತಂದೆ ರಾಯಭಾರಿ ಎಂದು ಸ್ಪಾಕ್ ಮಾತಿನ ನಡುವೆ ಅಂದುಬಿಡುತ್ತಾನೆ. ಮರುಸೀಸನ್‌ನ 'ಜರ್ನಿ ಟು ಬೇಬೆಲ್' ಕಂತಿನಲ್ಲಿ ಆ ತಂದೆತಾಯಿ ಎದುರಿಗೇ ಬರುತ್ತಾರೆ, ಮಗ-ಅಪ್ಪನ ನಡುವಿನ ಮುನಿಸು ಕಥೆಯಾಗುತ್ತದೆ. ಎರಡನ್ನೂ ಬರೆದವರು ಡಿ. ಸಿ. ಫಾಂಟಾನಾ, ಸರಣಿಯ ಕಥಾಸಂಪಾದಕಿಯೂ ಆಗಿದ್ದವರು. ವಿವರ ಕಡತದಲ್ಲಿ ಯಾರಿಗಾದರೂ ಸಿಗುತ್ತಿತ್ತು. ಅದರೊಳಗೊಂದು ಜಗಳ ಅಡಗಿದೆ ಎಂದು ಕಂಡದ್ದು ಅವರಿಗೆ.

ಕಥೆ ಕಂತಿನಿಂದ ಕಂತಿಗೆ ಹರಿಯತೊಡಗಿದಾಗ, ಮುಖ್ಯವಾಗಿ 1981ರ 'ಹಿಲ್ ಸ್ಟ್ರೀಟ್ ಬ್ಲೂಸ್' ನಂತರ, ಇಂಥ ಒಬ್ಬರ ನೆನಪು ಸಾಲದಾಯಿತು. ನೆನಪನ್ನೇ ಒಂದು ಕೋಣೆಯಲ್ಲಿ ಕೂರಿಸಬೇಕಾಯಿತು. 'ಬ್ರೇಕಿಂಗ್ ಬ್ಯಾಡ್' (2008–2013) ತಂಡದ ಕ್ರಮ ಇದಕ್ಕೆ ಮಾದರಿ. ವಿನ್ಸ್ ಗಿಲಿಗನ್ ಮತ್ತು ಅವರ ಸಂಗಡಿಗರು ಮೇಜಿನ ಸುತ್ತ ಕೂತು, ಒಂದು ಕಂತಿಗೆ ವಾರಗಟ್ಟಲೆ ಚರ್ಚಿಸಿ, ಪ್ರತಿ ದೃಶ್ಯವನ್ನೂ ಕಾರ್ಡಿನ ಮೇಲೆ ಬರೆದು ಗೋಡೆಯ ಬೋರ್ಡಿಗೆ ಚುಚ್ಚುತ್ತಿದ್ದರು. ಸಹಾಯಕರೊಬ್ಬರು ಆಡಿದ ಮಾತೆಲ್ಲ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಇದಕ್ಕೆ ಕಥೆಯನ್ನು 'ಬ್ರೇಕ್' ಮಾಡುವುದು ಎನ್ನುತ್ತಾರೆ. ಬೋರ್ಡು ತುಂಬಿದ ಮೇಲಷ್ಟೇ ಒಬ್ಬ ಬರಹಗಾರ ಅದನ್ನು ಒಯ್ದು ಸ್ಕ್ರಿಪ್ಟ್ ಬರೆಯುತ್ತಾನೆ. ಕೊನೆಯ ತಿದ್ದುಪಡಿ ಸರಣಿಯ ಹೊಣೆ ಹೊತ್ತ ಶೋರನ್ನರ್‌ನದು. ಗಮನಿಸಬೇಕಾದದ್ದು, ಬರೆಯುವವನು ಒಬ್ಬನೇ ಆದರೂ ಆ ದೃಶ್ಯ ಯಾಕಿದೆ ಎಂಬುದು ಮೇಜಿನ ಸುತ್ತ ಇದ್ದ ಎಲ್ಲರಿಗೂ ಗೊತ್ತಿರುತ್ತದೆ.

ಇದರ ಫಲವನ್ನು ಒಂದು ಸಣ್ಣ ಸಂಗತಿಯಲ್ಲಿ ನೋಡಬಹುದು. 2009ರ ಏಪ್ರಿಲ್‌ನಲ್ಲಿ ಪ್ರಸಾರವಾದ, ಪೀಟರ್ ಗೂಲ್ಡ್ ಬರೆದ ಕಂತಿನಲ್ಲಿ ಸಾಲ್ ಗುಡ್‌ಮನ್ ಎಂಬ ವಕೀಲನನ್ನು ಮುಸುಕುಧಾರಿಗಳಿಬ್ಬರು ಮರುಭೂಮಿಗೆ ಎಳೆದೊಯ್ಯುತ್ತಾರೆ. ಜೀವಭಯದಲ್ಲಿ ಅವನು, ತಪ್ಪು ತನ್ನದಲ್ಲ, ಇಗ್ನಾಸಿಯೋ ಎಂಬವನದು ಎಂದು ಬಡಬಡಿಸುತ್ತಾನೆ; ನಿಮ್ಮನ್ನು ಲಾಲೋ ಕಳಿಸಲಿಲ್ಲವೇ ಎಂದು ಕೇಳುತ್ತಾನೆ. ಆಗ ಆ ಎರಡು ಹೆಸರುಗಳ ಹಿಂದೆ ಯಾವ ಪಾತ್ರವೂ ಇರಲಿಲ್ಲ. ವಕೀಲನಿಗೆ ಬೇರೆ ಶತ್ರುಗಳಿದ್ದಾರೆ ಎಂದು ತೋರಿಸುವುದಷ್ಟೇ ಆ ಮಾತಿನ ಕೆಲಸ. 2015ರಲ್ಲಿ ಗಿಲಿಗನ್ ಮತ್ತು ಗೂಲ್ಡ್ ಸಾಲ್‌ನ ಹಿಂದಿನ ಬದುಕನ್ನೇ 'ಬೆಟರ್ ಕಾಲ್ ಸಾಲ್' ಮಾಡಿದಾಗ ಆ ಮಾತು ಸಾಲವಾಗಿ ಬಂದು ನಿಂತಿತು. ಮೊದಲ ಸೀಸನ್‌ನಲ್ಲೇ ನಾಚೋ ಎಂಬ ಅಡ್ಡಹೆಸರಿನ ಇಗ್ನಾಸಿಯೋ ಬಂದ. ಲಾಲೋ ಬರಲು 2018 ಆಗಬೇಕಾಯಿತು. 2022ರ 'ಪಾಯಿಂಟ್ ಅಂಡ್ ಶೂಟ್' ಕಂತಿನಲ್ಲಿ, ಲಾಲೋನ ಬಂದೂಕಿನೆದುರು ಸಾಲ್ ಎಲ್ಲವನ್ನೂ ಇಗ್ನಾಸಿಯೋ ತಲೆಗೆ ಕಟ್ಟುತ್ತಾನೆ. ಹದಿಮೂರು ವರ್ಷ ಹಿಂದಿನ ಬಡಬಡಿಕೆಗೆ ಅಲ್ಲಿ ಕಾರಣ ಸಿಗುತ್ತದೆ. ಕಡತ ಹೇಳಬಲ್ಲದ್ದು ಎರಡು ಹೆಸರುಗಳನ್ನಷ್ಟೇ. ಆ ಭಯಕ್ಕೆ ತಕ್ಕಷ್ಟು ಭಯಂಕರ ಮನುಷ್ಯನೊಬ್ಬ ಬೇಕು, ಅವನು ಸತ್ತನೆಂದು ಕೇಳಿದರೂ ಸಾಲ್‌ಗೆ ಪೂರ್ತಿ ನಂಬಿಕೆ ಬಾರದಂತಿರಬೇಕು ಎಂಬ ಲೆಕ್ಕ ಕೋಣೆಯದು.

ಇದು ಸಂಗತತೆಯಲ್ಲ, ಹರಿದದ್ದಕ್ಕೆ ತೇಪೆ ಎಂದು ಆಕ್ಷೇಪಿಸಬಹುದು. ಮೊದಲೇ ಯೋಜಿಸಿದ್ದರೆ ಈ ಪಾಡು ಏಕೆ? 'ಬ್ಯಾಬಿಲಾನ್ 5' (1994–98) ಈ ವಾದದ ಬಲವಾದ ಸಾಕ್ಷಿ. ಜೆ. ಮೈಕೆಲ್ ಸ್ಟ್ರಾಜಿನ್‌ಸ್ಕಿ ಐದು ವರ್ಷದ ಕಥೆಯನ್ನು ಮೊದಲೇ ರೂಪಿಸಿ, 110 ಕಂತುಗಳಲ್ಲಿ 92ನ್ನು ತಾವೇ ಬರೆದರು. ಒಬ್ಬನದೇ ತಲೆಯಾದರೆ ಕೋಣೆ ಬೇಡ, ನಿಜ. ಆದರೆ ಒಂದೇ ಸೀಸನ್ ಮುಗಿಯುವಷ್ಟರಲ್ಲಿ ನಾಯಕನಟ ಬದಲಾಗಬೇಕಾಯಿತು, ಹೊಸ ನಾಯಕನ ಸುತ್ತ ಕಥೆ ಮರುಹೊಂದಿಕೆಯಾಯಿತು. ಯಾವ ಪಾತ್ರ ಬಿಟ್ಟುಹೋದರೂ ದಾರಿ ಇರಲಿ ಎಂದು ಸ್ಟ್ರಾಜಿನ್‌ಸ್ಕಿ ಕಥೆಯಲ್ಲಿ ಮೊದಲೇ 'ಕಳ್ಳಬಾಗಿಲು'ಗಳನ್ನು ಇಟ್ಟುಕೊಂಡಿದ್ದರು. ಗಟ್ಟಿಯಾಗಿ ಯೋಜಿಸಿದವರೇ ಯೋಜನೆಯನ್ನು ಪೂರ್ತಿ ನಂಬಿರಲಿಲ್ಲ. ಇನ್ನು 2004ರ 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' ಮೊದಲ ಸೀಸನ್‌ಗಳ ಕಂತುಗಳ ಆರಂಭದಲ್ಲಿ ಶತ್ರುಗಳ ಬಳಿ ಒಂದು ಯೋಜನೆಯಿದೆ ಎಂದು ಸಾರಿತು. ಅಂಥ ಯೋಜನೆ ಬರಹಗಾರರ ಬಳಿಯೇ ಇರಲಿಲ್ಲ. ಪ್ರೇಕ್ಷಕರು ಕೊನೆಯವರೆಗೂ ಅದರ ಲೆಕ್ಕ ಕೇಳಿದರು, ಕೇಳಿದ್ದು ನ್ಯಾಯವೇ. ತೇಪೆಗೂ ಹರಕಿಗೂ ವ್ಯತ್ಯಾಸ ಇಷ್ಟೇ: ಕೊಟ್ಟ ಮಾತನ್ನು ನೆನಪಿಟ್ಟು ತೀರಿಸಿದರೇ, ಮರೆತರೇ?

ಕೋಣೆಯ ನೆನಪು ಕೈಕೊಟ್ಟಿದೆ ಎಂದು ತಿಳಿಯುವುದು ಸಮಾಧಿಗಲ್ಲಿನ ಅಕ್ಷರದಿಂದಲ್ಲ. ತನಗೆ ಯಾರೂ ಹೇಳದ ಗುಟ್ಟು ಪಾತ್ರಕ್ಕೆ ಗೊತ್ತಿರುವಂತೆ ಮಾತು ಬರುತ್ತದೆ. ಕಳೆದ ವಾರ ಕಲಿತ ಪಾಠವನ್ನು ಈ ವಾರ ಮತ್ತೆ ಹೊಸದಾಗಿ ಕಲಿಯುತ್ತದೆ. ದೊಡ್ಡ ಆಘಾತದ ಗುರುತೂ ಮುಂದಿನ ಕಂತಿನಲ್ಲಿ ಇರುವುದಿಲ್ಲ. ಬೈಬಲ್‌ನಲ್ಲಿ ಇವಕ್ಕೆ ಕಾಲಮ್ಮು ಇರುವುದಿಲ್ಲ. ಅಲ್ಲದೆ ಕಥೆ ಓಡತೊಡಗಿದ ಮೇಲೆ ಯಾರೂ ತಿದ್ದದಿದ್ದರೆ ಬೈಬಲ್ ತಾನೇ ಹಳತಾಗುತ್ತದೆ, ಶೂಟಿಂಗ್ ದಿನ ಬದಲಾದ ಒಂದು ಸಾಲು ಅದರೊಳಗೆ ಸೇರಿರುವುದಿಲ್ಲ.

ಕೋಣೆ ಎಂದರೆ ಖರ್ಚು ಎಂಬ ಕೊನೆಯ ಆಕ್ಷೇಪ ನಿರ್ಮಾಪಕರದು. ಸ್ಟ್ರೀಮಿಂಗ್ ಕಾಲದಲ್ಲಿ ಕೆಲವೇ ಬರಹಗಾರರನ್ನು ಕೆಲವೇ ವಾರ ಕೂರಿಸಿ, ಚಿತ್ರೀಕರಣಕ್ಕೆ ಮೊದಲೇ ಕಳಿಸಿಬಿಡುವ 'ಮಿನಿ ರೂಮ್' ಪದ್ಧತಿ ಬಂತು. ಉಳಿಯುತ್ತಿದ್ದದ್ದು ಶೋರನ್ನರ್ ಮತ್ತು ಕಾಗದ. 2023ರ ಮೇ 2ರಂದು ಅಮೆರಿಕದ ಬರಹಗಾರರ ಸಂಘ ಹೂಡಿದ, 148 ದಿನ ನಡೆದ ಮುಷ್ಕರದ ಬೇಡಿಕೆಗಳಲ್ಲಿ ಇದಕ್ಕೆ ಕಡಿವಾಣವೂ ಒಂದು. ಆಗ ಆದ ಒಪ್ಪಂದದ ಪ್ರಕಾರ, ಒಬ್ಬರೇ ಪೂರ್ತಿ ಬರೆಯುವ ಸರಣಿಗಳನ್ನು ಬಿಟ್ಟು, ನಿರ್ಮಾಣಕ್ಕೆ ಒಪ್ಪಿಗೆ ಪಡೆದ ಸರಣಿ ಆರು ಕಂತಿನವರೆಗಿದ್ದರೆ ಕನಿಷ್ಠ ಮೂವರು, ಏಳರಿಂದ ಹನ್ನೆರಡಕ್ಕೆ ಐವರು, ಹದಿಮೂರು ಅಥವಾ ಹೆಚ್ಚಿದ್ದರೆ ಆರು ಬರಹಗಾರರು ಕೋಣೆಯಲ್ಲಿರಬೇಕು.