ಗುಂಪು ಒಂದೋ, ಹಲವೋ: ಶಾಲಾ ಪ್ರಬಂಧದ ಇಂಗ್ಲಿಷಿನಲ್ಲಿ ಕರ್ತೃ–ಕ್ರಿಯೆಗಳ ಹೊಂದಾಣಿಕೆಯ ಚರಿತ್ರೆ

ಇಂಗ್ಲಿಷ್ ಪ್ರಬಂಧ ತಿದ್ದುವಾಗ 'ದ ಟೀಮ್ ಹ್ಯಾವ್' ಎಂದು ಕಂಡರೂ 'ಒನ್ ಆಫ್ ದ ಸ್ಟೂಡೆಂಟ್ಸ್ ಹ್ಯಾವ್' ಎಂದು ಕಂಡರೂ ನಮ್ಮ ಶಾಲೆಗಳಲ್ಲಿ ಬೀಳುವುದು ಒಂದೇ ಬಗೆಯ ಕೆಂಪು ಗೆರೆ. ಕರ್ತೃಪದ ಏಕವಚನ, ಆದ್ದರಿಂದ ಕ್ರಿಯಾಪದವೂ ಏಕವಚನದಲ್ಲಿರಬೇಕು ಎಂಬುದು ಎರಡಕ್ಕೂ ಸಿಗುವ ವಿವರಣೆ. ಆದರೆ ಇವೆರಡೂ ಬೇರೆ ಬೇರೆ ಸಂಗತಿಗಳು. ಮೊದಲನೆಯದು ಅರ್ಥವನ್ನು ನೋಡಿ ಮಾಡುವ ಆಯ್ಕೆ. ಅದನ್ನು ತಪ್ಪಿನ ಪಟ್ಟಿಗೆ ಸೇರಿಸಿದ್ದು ಪರೀಕ್ಷೆಯ ಪದ್ಧತಿ ಎಂಬುದು ಈ ಲೇಖನದ ವಾದ. ಎರಡನೆಯದು ವಾಕ್ಯರಚನೆಯಿಂದಲೇ ಹುಟ್ಟುವ ತಪ್ಪು, ಮತ್ತು ಕನ್ನಡದ ಮಕ್ಕಳು ಅದರಲ್ಲಿ ಎಡವುವುದಕ್ಕೆ ಅವರ ನುಡಿಯೊಳಗೇ ಒಂದು ಕಾರಣವಿದೆ.

ಅರ್ಥ ನೋಡಿ ವಚನ

ಸಮೂಹವಾಚಕಗಳ ವಿಷಯದಲ್ಲಿ ಹದಿನೆಂಟನೆಯ ಶತಮಾನದ ವ್ಯಾಕರಣಕಾರರು ಇಂದಿನ ಮಾರ್ಗದರ್ಶಿ ಪುಸ್ತಕಗಳಷ್ಟು ಬಿಗಿಯಾಗಿರಲಿಲ್ಲ. ಆಮ್ಲಜನಕದ ಸಂಶೋಧನೆಗೆ ಹೆಸರಾದ ಜೋಸೆಫ್ ಪ್ರೀಸ್ಟ್‌ಲಿ 1761ರಲ್ಲಿ ಒಂದು ಇಂಗ್ಲಿಷ್ ವ್ಯಾಕರಣವನ್ನೂ ಪ್ರಕಟಿಸಿದ. ಸಮೂಹವಾಚಕ ಪದವನ್ನು ಕೇಳಿದೊಡನೆ ಮನಸ್ಸಿಗೆ ಇಡೀ ಗುಂಪು ಒಂದಾಗಿ ತೋರುತ್ತದೆಯೋ, ಅದರೊಳಗಿನ ಹಲವರು ತೋರುತ್ತಾರೋ ಎಂಬುದರ ಮೇಲೆ ಕ್ರಿಯಾಪದದ ವಚನ ನಿಲ್ಲುತ್ತದೆ ಎಂಬುದು ಅವನ ನಿಲುವು. 1795ರಲ್ಲಿ ಲಿಂಡ್ಲೆ ಮರೆ ಇದನ್ನೇ ನಿಯಮವಾಗಿ ಬರೆದ. ಅಮೆರಿಕದಿಂದ ಇಂಗ್ಲೆಂಡಿನ ಯಾರ್ಕ್ ನಗರಕ್ಕೆ ಬಂದು ನೆಲೆಸಿದ್ದ ಕ್ವೇಕರ್ ಪಂಥದ ಮರೆ ತನ್ನ ವ್ಯಾಕರಣವನ್ನು ರಚಿಸಿದ್ದು ಅಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಯ ಬಳಕೆಗಾಗಿ. ಆ ಪುಸ್ತಕ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ದಶಕಗಳ ಕಾಲ ಮರುಮುದ್ರಣ ಕಂಡಿತು. ಎರಡೂ ವಚನಗಳಿಗೆ ಅವಕಾಶವಿದೆ, ಆದರೆ ಮನಸ್ಸಿಗೆ ಬಂದಂತೆ ಬಳಸುವಂತಿಲ್ಲ, ಅರ್ಥ ನೋಡಿ ಬಳಸಬೇಕು ಎಂದು ಅದು ಕಲಿಸಿತು.

ಅಂದಿನ ಬರವಣಿಗೆಯೂ ಹೀಗೆಯೇ ನಡೆಯುತ್ತಿತ್ತು. 1787ರಲ್ಲಿ ಸಿದ್ಧವಾದ ಅಮೆರಿಕದ ಸಂವಿಧಾನದ ಮೊದಲನೆಯ ವಿಧಿಯಲ್ಲಿ, ಪ್ರತಿನಿಧಿ ಸಭೆ ತನ್ನ ಸ್ಪೀಕರನ್ನು ಆರಿಸುವ ಮಾತು ಬಂದಾಗ ಸಭೆಗೆ 'ದೇರ್' ಎಂಬ ಬಹುವಚನ ಸರ್ವನಾಮವಿದೆ. ಅದೇ ವಿಧಿಯಲ್ಲಿ ಪ್ರತಿಯೊಂದು ಸದನವೂ ತನ್ನ ನಡಾವಳಿಯ ದಾಖಲೆ ಇಡಬೇಕು ಎನ್ನುವಲ್ಲಿ 'ಇಟ್ಸ್' ಎಂಬ ಏಕವಚನವಿದೆ. ಎರಡನೆಯ ಕಡೆ 'ಪ್ರತಿಯೊಂದು' ಎಂಬ ಪದವೇ ಏಕವಚನವನ್ನು ಎಳೆದು ತಂದಿರಬಹುದು. ಹಾಗಿದ್ದರೂ, ಸದಸ್ಯರು ಕೂಡಿ ಒಬ್ಬರನ್ನು ಆರಿಸುವಾಗ ಬಹುವಚನ, ಸದನ ಒಂದು ಸಂಸ್ಥೆಯಾಗಿ ದಾಖಲೆ ಇಡುವಾಗ ಏಕವಚನ ಎಂಬ ಹಂಚಿಕೆ ಮರೆಯ ನಿಯಮಕ್ಕೆ ಹೊಂದಿಕೊಳ್ಳುತ್ತದೆ.

ಆಯ್ಕೆ ಹೋಗಿ ಒಂದೇ ಉತ್ತರ ಉಳಿದದ್ದು

ಅರ್ಥವನ್ನು ಆಧರಿಸಿದ ಈ ನಿಯಮ ಶಾಲೆಯಲ್ಲಿ ಸೊರಗಿದ್ದೇಕೆ? ಅಮೆರಿಕದ ಬರವಣಿಗೆ ಕಾಲಕ್ರಮದಲ್ಲಿ ಏಕವಚನದ ಕಡೆಗೆ ಬಲವಾಗಿ ವಾಲಿತು. ಬ್ರಿಟನ್ನಿನಲ್ಲಿ ಎರಡೂ ಉಳಿದವು. ಇದು ಒಂದು ಕಾರಣ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಅಭ್ಯಾಸ ಪ್ರಶ್ನೆಯ ರೂಪ. 1797ರಲ್ಲಿ ಮರೆ ತನ್ನ ವ್ಯಾಕರಣಕ್ಕೆ ಜೊತೆಯಾಗಿ ಅಭ್ಯಾಸಗಳ ಪುಸ್ತಕವೊಂದನ್ನು ತಂದ. ತಪ್ಪು ವಾಕ್ಯಗಳನ್ನು ಕೊಟ್ಟು ಮಕ್ಕಳಿಂದ ತಿದ್ದಿಸುವ ಪದ್ಧತಿ ಅವನಿಗಿಂತ ಹಳೆಯದಾದರೂ ಅವನ ಪುಸ್ತಕಗಳ ಜೊತೆಗೆ ಅದೂ ಹರಡಿತು. ಬಿಡಿಯಾಗಿ ನಿಂತ ಒಂದು ವಾಕ್ಯದಲ್ಲಿ ಬರೆದವನ ಮನಸ್ಸಿನಲ್ಲಿ ಇದ್ದದ್ದು ಇಡೀ ಗುಂಪೋ ಅದರ ಸದಸ್ಯರೋ ಎಂದು ತಿಳಿಯುವ ದಾರಿಯಿಲ್ಲ. ಆದರೂ ಅಂಕ ಕೊಡಬೇಕಾದರೆ ಒಂದು ಉತ್ತರ ಸರಿ, ಇನ್ನೊಂದು ತಪ್ಪು ಎಂದು ಗೊತ್ತುಪಡಿಸಲೇಬೇಕು. ಪದದ ರೂಪ ಏಕವಚನವಾದ್ದರಿಂದ ಏಕವಚನವೇ ಸರಿಯುತ್ತರವಾಗಿ ಉಳಿಯಿತು.

ಭಾರತದ ಶಾಲೆಗಳಲ್ಲಿ ಬೇರೂರಿದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ 1930ರ ದಶಕದ್ದು. ಸಮೂಹವನ್ನು ಒಂದಾಗಿ ಭಾವಿಸಿದರೆ ಏಕವಚನ, ಬಿಡಿಬಿಡಿಯಾಗಿ ಭಾವಿಸಿದರೆ ಬಹುವಚನ ಎಂಬ ಹಳೆಯ ನಿಯಮ ಅದರಲ್ಲಿಯೂ ಇದೆ. ತರಗತಿಯಲ್ಲಿ ಉಳಿದುಕೊಂಡದ್ದು ಮೊದಲರ್ಧ ಮಾತ್ರ.

'ಒನ್ ಆಫ್' ಎಂಬ ರಚನೆ

ಇಲ್ಲಿ ಅರ್ಥದ ಆಯ್ಕೆ ಇಲ್ಲ. 'ಒನ್ ಆಫ್ ದ ಸ್ಟೂಡೆಂಟ್ಸ್ ಹ್ಯಾಸ್ ಕಮ್' ಎಂಬಲ್ಲಿ ಬಂದವನು ಒಬ್ಬನೇ, ಕರ್ತೃ 'ಒನ್'. ಆದರೂ ಕೈ 'ಹ್ಯಾವ್' ಕಡೆಗೆ ಹೋಗುತ್ತದೆ, ಏಕೆಂದರೆ ಕ್ರಿಯಾಪದದ ಪಕ್ಕದಲ್ಲೇ ಬಹುವಚನದ 'ಸ್ಟೂಡೆಂಟ್ಸ್' ಕೂತಿದೆ. ಹತ್ತಿರದ ಪದ ಕ್ರಿಯಾಪದವನ್ನು ತನ್ನೆಡೆಗೆ ಎಳೆಯುವ ಈ ಗುಣವನ್ನು ಮನೋಭಾಷಾವಿಜ್ಞಾನಿಗಳಾದ ಕ್ಯಾಥರಿನ್ ಬಾಕ್ ಮತ್ತು ಕ್ಯಾರಲ್ ಮಿಲ್ಲರ್ 1991ರಲ್ಲಿ ಪ್ರಯೋಗದ ಮೂಲಕ ತೋರಿಸಿದರು. ಇಂಗ್ಲಿಷ್ ಮನೆಮಾತಿನವರೂ ಹೀಗೆ ಎಡವುತ್ತಾರೆ.

ಕನ್ನಡದ ವಿದ್ಯಾರ್ಥಿಗೆ ಇನ್ನೊಂದು ತೊಡಕಿದೆ. 'ವಿದ್ಯಾರ್ಥಿಗಳಲ್ಲಿ ಒಬ್ಬ ಬಂದಿದ್ದಾನೆ' ಎನ್ನುವಾಗ ಬಹುವಚನ ಮೊದಲು ಬಂದು ಸಪ್ತಮಿ ವಿಭಕ್ತಿ ತೊಟ್ಟು ಬದಿಗೆ ಸರಿಯುತ್ತದೆ. ಕರ್ತೃವಾದ 'ಒಬ್ಬ' ಕ್ರಿಯಾಪದಕ್ಕೆ ತಾಗಿಯೇ ನಿಲ್ಲುತ್ತದೆ. ಕ್ರಿಯಾಪದದ ಹಿಂದಿನ ಪದವನ್ನು ನೋಡಿ ವಚನ ಹಾಕುವ ರೂಢಿ ಕನ್ನಡದ ಈ ರಚನೆಯಲ್ಲಿ ಕೈಕೊಡುವುದಿಲ್ಲ. ಇಂಗ್ಲಿಷಿನಲ್ಲಿ ಅನುಕ್ರಮ ತಿರುವುಮುರುವು, ಹಾಗಾಗಿ ಅದೇ ರೂಢಿ ದಾರಿ ತಪ್ಪಿಸುತ್ತದೆ.

ಒಂದು ತುಣುಕನ್ನು ತಿದ್ದುವ ಬಗೆ

ಶಾಲೆಯ ಕ್ರೀಡಾಕೂಟದ ಮೇಲೆ ಬರೆದ ಪ್ರಬಂಧದಲ್ಲಿ ಈ ನಾಲ್ಕು ವಾಕ್ಯಗಳಿವೆ ಎಂದುಕೊಳ್ಳೋಣ: 'ಅವರ್ ಟೀಮ್ ಹ್ಯಾವ್ ವನ್ ದ ಕಪ್. ದ ಟೀಮ್ ವಾಸ್ ಆರ್ಗ್ಯುಯಿಂಗ್ ವಿತ್ ಒನ್ ಅನದರ್. ಒನ್ ಆಫ್ ದ ಪ್ಲೇಯರ್ಸ್ ಹ್ಯಾವ್ ಗಾಟ್ ಎ ಮೆಡಲ್. ಹಿ ಈಸ್ ಒನ್ ಆಫ್ ದ ಬಾಯ್ಸ್ ಹೂ ಪ್ರ್ಯಾಕ್ಟಿಸಸ್ ಡೈಲಿ.'

ಮೊದಲನೆಯದರಲ್ಲಿ ಕಪ್ ಗೆದ್ದದ್ದು ಇಡೀ ತಂಡ. 'ಹ್ಯಾಸ್' ಹೆಚ್ಚು ಒಪ್ಪುತ್ತದೆ. ಆದರೆ ಬ್ರಿಟಿಷ್ ಬಳಕೆಯಲ್ಲಿ 'ಹ್ಯಾವ್' ಕೂಡ ಸಲ್ಲುವುದರಿಂದ ಅಂಕ ಕಳೆಯಲು ಆಧಾರವಿಲ್ಲ. ಎರಡನೆಯದು ಮೇಲ್ನೋಟಕ್ಕೆ ಸರಿ ಕಂಡರೂ ಅರ್ಥಕ್ಕೆ ಹೊಂದುವುದಿಲ್ಲ. ಒಬ್ಬರೊಡನೆ ಒಬ್ಬರು ವಾದಿಸಲು ಹಲವರು ಬೇಕು, ಅಲ್ಲಿ 'ವರ್' ಬರಬೇಕು. ಕನ್ನಡದಲ್ಲಿ ಗೆದ್ದಾಗ 'ತಂಡ ಗೆದ್ದಿತು' ಎನ್ನುತ್ತೇವೆ, ಜಗಳ ಬಂದಾಗ 'ತಂಡದವರು ಜಗಳವಾಡಿದರು' ಎಂದು ಪದವನ್ನೇ ಬದಲಿಸುತ್ತೇವೆ. ಇಂಗ್ಲಿಷಿನಲ್ಲಿಯೂ 'ದ ಮೆಂಬರ್ಸ್ ಆಫ್ ದ ಟೀಮ್' ಎಂದು ಬರೆದರೆ ಗೊಂದಲವೇ ಇರುವುದಿಲ್ಲ.

ಮೂರನೆಯದು ಸ್ಪಷ್ಟ ತಪ್ಪು, 'ಹ್ಯಾಸ್' ಎಂದಾಗಬೇಕು. 'ಆಫ್' ಇಂದ ಶುರುವಾಗುವ ಭಾಗವನ್ನು ಬೆರಳಿನಿಂದ ಮುಚ್ಚಿ ಓದಿದರೆ ತಪ್ಪು ಕಾಣುತ್ತದೆ. ಆದರೆ ಈ ಉಪಾಯ ಎಲ್ಲೆಡೆ ನಡೆಯದು. 'ಎ ನಂಬರ್ ಆಫ್ ಸ್ಟೂಡೆಂಟ್ಸ್ ಆರ್ ಆಬ್ಸೆಂಟ್' ಎಂಬಲ್ಲಿ ಹಾಗೆ ಮುಚ್ಚಿದರೆ ಸರಿಯಾದ ವಾಕ್ಯವೇ ತಪ್ಪಾಗಿ ಕಾಣುತ್ತದೆ. ಅಲ್ಲಿ 'ಎ ನಂಬರ್ ಆಫ್' ಎಂದರೆ 'ಹಲವು' ಎಂದಷ್ಟೇ ಅರ್ಥ, ಕರ್ತೃ ವಿದ್ಯಾರ್ಥಿಗಳು. ಸಂಖ್ಯೆಯ ಬಗ್ಗೆಯೇ ಹೇಳುವ 'ದ ನಂಬರ್ ಆಫ್' ಮಾತ್ರ ಏಕವಚನ ಬೇಡುತ್ತದೆ.

ನಾಲ್ಕನೆಯದರಲ್ಲಿ 'ಒನ್' ನೋಡಿ 'ಪ್ರ್ಯಾಕ್ಟಿಸಸ್' ಎಂದು ಬರೆಯಲಾಗಿದೆ. 'ದಿನಾ ಅಭ್ಯಾಸ ಮಾಡುವ ಹುಡುಗರಲ್ಲಿ ಅವನೂ ಒಬ್ಬ' ಎಂದು ಕನ್ನಡದಲ್ಲಿ ಹೇಳಿದರೆ 'ಮಾಡುವ' ಎಂಬ ಕೃದಂತ ಯಾರಿಗೆ ಸೇರಿದ್ದೆಂದು ತಿಳಿಯುತ್ತದೆ: ಹುಡುಗರಿಗೆ. ಆದ್ದರಿಂದ ತರ್ಕಕ್ಕೆ ಒಪ್ಪುವುದು 'ಪ್ರ್ಯಾಕ್ಟಿಸ್' ಎಂಬ ಬಹುವಚನ ರೂಪ. ಫೌಲರ್ 1926ರ ತನ್ನ ಬಳಕೆ ಕೋಶದಲ್ಲಿ ಇದನ್ನೇ ಎತ್ತಿಹಿಡಿದ. ಒಳ್ಳೆಯ ಲೇಖಕರಲ್ಲಿ ಏಕವಚನವೂ ಹಿಂದಿನಿಂದ ಬಂದಿದೆ ಎಂದು ಮೆರಿಯಂ–ವೆಬ್‌ಸ್ಟರ್ ಸಂಸ್ಥೆಯ 1989ರ ಬಳಕೆ ಕೋಶ ತೋರಿಸುತ್ತದೆ. 'ಕನ್ನಡಕ್ಕೆ ತಿರುಗಿಸಿ ನೋಡು' ಎಂಬ ಸೂಚನೆ ಇಲ್ಲಿ ಸಾಕು. ಅಂಕ ಕಳೆಯುವ ಅಗತ್ಯವಿಲ್ಲ.

ಹೀಗೆ ನಾಲ್ಕು ವಾಕ್ಯಗಳಲ್ಲಿ ನಿಜವಾಗಿ ಅಂಕ ಕಳೆಯಬೇಕಾದದ್ದು ಮೂರನೆಯದಕ್ಕೆ, ಕೂತು ವಿವರಿಸಬೇಕಾದದ್ದು ಎರಡನೆಯದನ್ನು. 'ಕರ್ತೃ ಏಕವಚನ, ಕ್ರಿಯೆ ಏಕವಚನ' ಎಂಬ ಒಂದೇ ಸೂತ್ರ ಹಿಡಿದು ತಿದ್ದಿದರೆ ಎರಡನೆಯ ವಾಕ್ಯ ಸರಿಯೆಂದು ಪಾಸಾಗಿ, ಮೊದಲನೆಯದು ತಪ್ಪೆಂದು ಎಣಿಕೆಯಾಗುತ್ತದೆ. ಸಮೂಹವಾಚಕಗಳನ್ನು ಬಿಡಿ ವಾಕ್ಯಗಳಲ್ಲಿ ಪರೀಕ್ಷಿಸುವುದನ್ನು ಬಿಟ್ಟು, ಸುತ್ತಲಿನ ಮಾತಿನಿಂದ ಅರ್ಥ ತಿಳಿಯುವ ಪ್ಯಾರಾಗಳಲ್ಲಿ ಪರೀಕ್ಷಿಸಿದರೆ, 1795ರ ನಿಯಮದ ಕೈಬಿಟ್ಟ ಅರ್ಧ ಮತ್ತೆ ಪಾಠದೊಳಗೆ ಬರುತ್ತದೆ.