ಇಡಿಗಂಟೋ ಕಂತುಗಳೋ: ಆಕಸ್ಮಿಕ ಧನದ ಹೂಡಿಕೆಯಲ್ಲಿ ಅಪಾಯದ ಲೆಕ್ಕ

ಬೋನಸ್ಸಿನ ರೂಪದಲ್ಲಿಯೋ ಪಿತ್ರಾರ್ಜಿತದ ರೂಪದಲ್ಲಿಯೋ ಒಮ್ಮೆಲೇ ಕೈಸೇರಿದ ದೊಡ್ಡ ಮೊತ್ತವನ್ನು ಷೇರುಗಳಲ್ಲಿ ಒಂದೇ ದಿನ ತೊಡಗಿಸುವುದು ಯುಕ್ತವೋ, ತಿಂಗಳು ತಿಂಗಳು ಹಂಚಿ ತೊಡಗಿಸುವುದು ಯುಕ್ತವೋ ಎಂಬ ಪ್ರಶ್ನೆಯ ಒಂದು ಭಾಗ ಬಹುಮಟ್ಟಿಗೆ ನಿರ್ಣೀತವಾಗಿದೆ. ಮುಂದೆ ದೊರೆಯುವ ತಿಳಿವನ್ನು ಬಳಸದೆ ಮೊದಲೇ ಗೊತ್ತುಮಾಡಿಕೊಂಡ ಕಂತಿನ ನಿಯಮ ಶ್ರೇಷ್ಠವಾಗಲಾರದೆಂದು ಕಾನ್‌ಸ್ಟಾಂಟಿನೈಡಿಸ್ 1979ರಲ್ಲಿ ತೋರಿಸಿದರು; ಅಮೆರಿಕ, ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳ ಮಾರುಕಟ್ಟೆಗಳನ್ನು ಪರಿಶೀಲಿಸಿದ ವ್ಯಾನ್‌ಗಾರ್ಡ್ ಸಂಸ್ಥೆಯ 2012ರ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಎರಡು ಬಾರಿ ಇಡಿಗಂಟೇ ಮೇಲುಗೈ ಪಡೆಯಿತು.

ಆದರೆ ಇಷ್ಟನ್ನು ಒಪ್ಪಿದವರಲ್ಲಿಯೂ ಅನೇಕರು, ಪ್ರತಿಫಲ ಕುಗ್ಗಿದರೂ ಅಪಾಯ ತಗ್ಗುವುದರಿಂದ ಕಂತುಗಳ ಮಾರ್ಗ ಸಮರ್ಥನೀಯವೆಂದು ವಾದಿಸುತ್ತಾರೆ. ನನ್ನ ಭಿನ್ನಾಭಿಪ್ರಾಯವಿರುವುದು ಇಲ್ಲಿಯೇ. ಅಪಾಯ ತಗ್ಗುವುದು ನಿಜ. ಆದರೆ ಅದನ್ನು ತಗ್ಗಿಸುವುದು ಹಂಚಿಕೆಯ ಕ್ರಮವಲ್ಲ, ಆ ಅವಧಿಯಲ್ಲಿ ಹಣದ ಒಂದು ಪಾಲು ಮಾರುಕಟ್ಟೆಯ ಹೊರಗೆ ಉಳಿದಿರುವುದು.

ಹನ್ನೆರಡು ಲಕ್ಷ ರೂಪಾಯಿ ಬಂದವನೊಬ್ಬನು ಅದನ್ನು ಲಿಕ್ವಿಡ್ ಫಂಡಿನಲ್ಲಿಟ್ಟು, ಎಸ್‌ಟಿಪಿಯ ಮೂಲಕ ಪ್ರತಿ ತಿಂಗಳ ಆರಂಭದಲ್ಲಿ ಒಂದೊಂದು ಲಕ್ಷವನ್ನು ಷೇರು ಫಂಡಿಗೆ ವರ್ಗಾಯಿಸುತ್ತಾನೆನ್ನೋಣ. ವರ್ಷದುದ್ದಕ್ಕೂ ಷೇರುಗಳಲ್ಲಿ ಅವನು ತೊಡಗಿಸಿದ ಹಣದ ಸರಾಸರಿ ಆರೂವರೆ ಲಕ್ಷ. ಇನ್ನೊಬ್ಬನು ಮೊದಲ ದಿನವೇ ಆರೂವರೆ ಲಕ್ಷವನ್ನು ಷೇರಿಗೆ ಹಾಕಿ, ಉಳಿದುದನ್ನು ಲಿಕ್ವಿಡ್ ಫಂಡಿನಲ್ಲಿಯೇ ಬಿಟ್ಟರೆ ಇಬ್ಬರ ನಿರೀಕ್ಷಿತ ಪ್ರತಿಫಲವೂ ಹೆಚ್ಚುಕಡಮೆ ಒಂದೇ. ಆದರೆ ಮೊದಲನೆಯವನ ಲಾಭನಷ್ಟವನ್ನು ಜನವರಿಯ ಏರಿಳಿತ ಒಂದು ಲಕ್ಷದ ಮಟ್ಟಿಗೆ, ಡಿಸೆಂಬರಿನದು ಹನ್ನೆರಡು ಲಕ್ಷದ ಮಟ್ಟಿಗೆ ತಟ್ಟುತ್ತದೆ. ಭಾರ ಹೀಗೆ ಕೊನೆಯ ತಿಂಗಳುಗಳ ಮೇಲೆ ಬೀಳುವುದರಿಂದ, ಅವನ ಪ್ರತಿಫಲದ ವಿಚಲನೆ ಎರಡನೆಯವನದಕ್ಕಿಂತ ಶೇಕಡ 13ರಷ್ಟು ಅಧಿಕವಾಗುತ್ತದೆ. 2008ರ ಅಕ್ಟೋಬರಿನಲ್ಲಿ ಸೆನ್ಸೆಕ್ಸ್ ಒಂದೇ ತಿಂಗಳಲ್ಲಿ ಸುಮಾರು ಕಾಲುಭಾಗ ಕುಸಿದಾಗ, ಆ ಜನವರಿಯಿಂದ ಕಂತು ಕಟ್ಟುತ್ತ ಬಂದವನು ಹತ್ತು ಲಕ್ಷವನ್ನು ಆಗಲೇ ಷೇರಿಗೆ ಹಾಕಿರುತ್ತಿದ್ದನು. ವರ್ಷ ಮುಗಿದ ಮೇಲಂತೂ ಅವನಿಗೆ ಯಾವ ರಕ್ಷಣೆಯೂ ಉಳಿಯದು.

ಈ ನಿರ್ಣಯವನ್ನು ಅದರ ಮಿತಿಗಳೊಡನೆಯೇ ಸ್ವೀಕರಿಸಬೇಕು. ಒಂದು ತಿಂಗಳ ಏರಿಳಿತ ಇನ್ನೊಂದನ್ನು ಅವಲಂಬಿಸಿಲ್ಲವೆಂದೂ ಎಲ್ಲ ತಿಂಗಳುಗಳ ಚಂಚಲತೆ ಸಮಾನವೆಂದೂ ಭಾವಿಸಿ, ಚಕ್ರಬಡ್ಡಿಯ ಪರಿಣಾಮವನ್ನು ಬದಿಗಿಟ್ಟು, ಈ ಲೆಕ್ಕವನ್ನು ಮಾಡಿದೆ. ಕುಸಿತದ ಬೆನ್ನಿಗೆ ಚೇತರಿಕೆ ಬರುವ ಪ್ರವೃತ್ತಿ ಮಾರುಕಟ್ಟೆಗಿದ್ದರೆ ಅಂತರ ಬದಲಾದೀತು. ಪಶ್ಚಾತ್ತಾಪದ ಭಯವನ್ನು ಮುಂದಿಟ್ಟು 1995ರಲ್ಲಿ ಸ್ಟ್ಯಾಟ್‌ಮನ್ ನೀಡಿದ ವಿವರಣೆಯನ್ನೂ ಈ ಲೆಕ್ಕ ಖಂಡಿಸುವುದಿಲ್ಲ: ಕಂತುಗಳಿಲ್ಲದಿದ್ದರೆ ಹೂಡಿಕೆಗೇ ಅಂಜಿ ಹಿಂದೆಗೆಯುವವನಿಗೆ ಅವು ನಿಜವಾಗಿ ಉಪಕಾರಿ.

ಆದುದರಿಂದ ಆಕಸ್ಮಿಕ ಧನವನ್ನು ಪಡೆದವನು ಎಷ್ಟು ತಿಂಗಳಲ್ಲಿ ಹೂಡಬೇಕೆಂಬುದಕ್ಕಿಂತ ಮೊದಲು, ಎಷ್ಟು ಪಾಲನ್ನು ಶಾಶ್ವತವಾಗಿ ಷೇರುಗಳಲ್ಲಿರಿಸಬಲ್ಲೆನೆಂಬುದನ್ನು ನಿರ್ಧರಿಸಬೇಕೆಂದು ತೋರುತ್ತದೆ. ಆ ಪಾಲನ್ನು ಒಮ್ಮೆಲೇ ಹೂಡಿದವನು ಮೊದಲ ದೊಡ್ಡ ಕುಸಿತದಲ್ಲಿ ಕಂತುಗಾರನಷ್ಟು ದೃಢವಾಗಿ ನಿಲ್ಲುವನೇ ಎಂಬುದು ಲೆಕ್ಕದಿಂದ ಬಗೆಹರಿಯದು. ನಿಜವಾದ ಹೂಡಿಕೆದಾರರ ಖಾತೆಗಳ ದೀರ್ಘಕಾಲದ ಪರಿಶೀಲನೆಯಿಂದ ಮಾತ್ರ ಅದು ಬಗೆಹರಿಯಬೇಕಾಗಿದೆ.